ಐದು ಜನ, ಎಪ್ಪತ್ತೈದು ಸಾವಿರ: ಹಾಸನದ ದಿನಸಿ ಅಂಗಡಿಯೊಂದರ ದೀಪಾವಳಿ ಬೋನಸ್ ಲೆಕ್ಕ (ಪದೇ ಪದೇ ಕೇಳುವ ಪ್ರಶ್ನೆಗಳು)

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಹತ್ತಿರ ಒಂದು ದಿನಸಿ ಅಂಗಡಿ ಇದೆ ಎಂದುಕೊಳ್ಳಿ. ಯಜಮಾನರು ಶಿವಣ್ಣ, ಕೆಲಸಕ್ಕೆ ಐದು ಜನ. ಅಂಗಡಿಯೂ ಹೆಸರುಗಳೂ ಉದಾಹರಣೆಗಾಗಿ ಕಟ್ಟಿಕೊಂಡವು. ಅಂಕಿಗಳು ಮಾತ್ರ ನಿಜವಾದ ಅಂಗಡಿಯ ಪುಸ್ತಕದಲ್ಲಿ ಹೇಗೆ ಕೂರುತ್ತವೋ ಹಾಗೇ ಇವೆ. ಹಾಸನಾಂಬೆಯ ಬಾಗಿಲು ತೆಗೆಯಲು ಇನ್ನು ಹತ್ತು ದಿನ ಇರುವಾಗ, ಒಂದು ರಾತ್ರಿ ಶಟರ್ ಇಳಿಸಿ, ಶಿವಣ್ಣ ನೋಟ್‌ಬುಕ್ ಹಿಡಿದು ಕೂತಿದ್ದಾರೆ. ಬೋನಸ್‌ಗೆಂದು ತೆಗೆದಿಟ್ಟಿರುವುದು 75,000 ರೂಪಾಯಿ. ಐದು ಜನಕ್ಕೆ ಸಮ ಮಾಡಿದರೆ ತಲೆಗೆ 15,000. ಆದರೆ ಒಬ್ಬರು ಬಂದು ಹದಿನೆಂಟು ವರ್ಷ ಆಯಿತು, ಇನ್ನೊಬ್ಬ ಬಂದು ಏಳು ತಿಂಗಳು.

ಆ ಐದು ಜನ ಯಾರು, ಯಾರಿಗೆ ಎಷ್ಟು ಸಂಬಳ?

ಪುಟ್ಟಸ್ವಾಮಿ ಕೌಂಟರಿನಲ್ಲಿ ನಿಲ್ಲುವವರು, 18 ವರ್ಷ, ತಿಂಗಳಿಗೆ 22,000. ಜಯಮ್ಮ ಕಾಳು ಕೇರಿ, ತೂಗಿ ಪ್ಯಾಕ್ ಮಾಡುವವರು, 12 ವರ್ಷ, 19,000. ಸಲೀಂ ಲಗೇಜ್ ಆಟೋ ಓಡಿಸಿ ಮನೆಗಳಿಗೆ, ಹೋಟೆಲ್‌ಗಳಿಗೆ ಸಾಮಾನು ಮುಟ್ಟಿಸುತ್ತಾರೆ, 6 ವರ್ಷ, 18,000. ಮಂಜುಳ ಬಿಲ್ ಹಾಕುತ್ತಾಳೆ, 2 ವರ್ಷ 10 ತಿಂಗಳು, 16,000. ಕಿರಣ ಮೂಟೆ ಇಳಿಸಿ ಗೋಡೌನ್ ನೋಡಿಕೊಳ್ಳುವ ಹುಡುಗ, ಮಾರ್ಚ್ 1ಕ್ಕೆ ಸೇರಿದವನು, 15,000. ಎಲ್ಲರದೂ ಸೇರಿ ತಿಂಗಳಿಗೆ 90,000.

ಐದೇ ಜನ ಇರುವ ಅಂಗಡಿಗೆ ಬೋನಸ್ ಕಾಯ್ದೆ ಅನ್ವಯಿಸುತ್ತದೆಯೇ?

1965ರ ಬೋನಸ್ ಪಾವತಿ ಕಾಯ್ದೆ ಅಂಗಡಿಗಳ ಮಟ್ಟಿಗೆ ಹಿಡಿಯುತ್ತಿದ್ದದ್ದು ಇಪ್ಪತ್ತು ಅಥವಾ ಹೆಚ್ಚು ಜನ ಕೆಲಸಕ್ಕಿದ್ದ ಕಡೆ. ಅದನ್ನು ತನ್ನೊಳಗೆ ಸೇರಿಸಿಕೊಂಡ 2019ರ ವೇತನ ಸಂಹಿತೆಯಲ್ಲೂ ಇಪ್ಪತ್ತರ ಗೆರೆ ಹಾಗೆಯೇ ಇದೆ. ಹಾಗಾಗಿ ಶಿವಣ್ಣನವರ ಅಂಗಡಿಯಲ್ಲಿ ಕೊಡುವುದು ರೂಢಿಯ ಬೋನಸ್. ಎಷ್ಟು ಕೊಡಬೇಕು, ಹೇಗೆ ಹಂಚಬೇಕು ಎಂಬುದನ್ನು ಅವರೇ ತೀರ್ಮಾನಿಸಬೇಕು.

ಕಾಯ್ದೆಯ ಲೆಕ್ಕವನ್ನೇ ಸಣ್ಣ ಅಂಗಡಿಗೆ ಎತ್ತಿ ತರಲು ಕೆಲವರು ಹೊರಡುತ್ತಾರೆ. ಅಲ್ಲಿ ಕನಿಷ್ಠ ಶೇ 8.33, ಗರಿಷ್ಠ ಶೇ 20. ಈ 8.33 ಎಲ್ಲಿಂದ ಬಂತೆಂದರೆ, ನೂರನ್ನು ಹನ್ನೆರಡರಿಂದ ಭಾಗಿಸಿದರೆ ಬರುವುದು ಅದೇ. ಅಂದರೆ ವರ್ಷಕ್ಕೆ ಒಂದು ತಿಂಗಳ ಸಂಬಳ. ಆದರೆ ಆ ಲೆಕ್ಕ ಸೇವೆಯ ವರ್ಷಗಳನ್ನು ನೋಡುವುದೇ ಇಲ್ಲ. ಎರಡು ವರ್ಷದವರಿಗೂ ಇಪ್ಪತ್ತು ವರ್ಷದವರಿಗೂ ಶೇಕಡಾವಾರು ಒಂದೇ. ಇನ್ನೊಂದು ತೊಡಕೂ ಇದೆ. 2015ರ ತಿದ್ದುಪಡಿಯ ನಂತರ 1965ರ ಕಾಯ್ದೆಯಲ್ಲಿ ತಿಂಗಳಿಗೆ 21,000 ದಾಟಿದವರು ಬೋನಸ್ ಸಾಲಿನಿಂದ ಹೊರಗೆ. ಅದನ್ನು ಅಕ್ಷರಶಃ ನಕಲು ಮಾಡಿದರೆ 22,000 ಸಂಬಳದ ಪುಟ್ಟಸ್ವಾಮಿಗೇ, ಅಂದರೆ ಎಲ್ಲರಿಗಿಂತ ಹಳಬರಿಗೇ, ಬಿಡಿಗಾಸು ಸಿಗುವುದಿಲ್ಲ. ಸಣ್ಣ ಅಂಗಡಿಗೆ ಆ ಅಳತೆ ಹೊಂದುವುದಿಲ್ಲ.

ಸೇವೆಯ ವರ್ಷಕ್ಕೆ ಇಂತಿಷ್ಟು ಎಂದು ನೇರವಾಗಿ ಹಂಚಿದರೆ ಏನು ತಪ್ಪು?

ಹೆಚ್ಚಿನ ಯಜಮಾನರು ಮೊದಲು ಮಾಡುವುದು ಇದನ್ನೇ, ಕೇಳಲು ನ್ಯಾಯವಾಗಿಯೂ ಇದೆ. ಶಿವಣ್ಣನವರೂ ಮೊದಲು ಹೀಗೇ ಬರೆದು ನೋಡಿದರು. ಐವರ ಸೇವೆ ಕೂಡಿಸಿ (ಮಂಜುಳಳದು ಎರಡು ವರ್ಷ, ಕಿರಣನದು ಏಳು ತಿಂಗಳು ಎಂದಿಟ್ಟುಕೊಂಡರೆ) ಸುಮಾರು ಮೂವತ್ತೆಂಟೂವರೆ ವರ್ಷ. 75,000ವನ್ನು ಅದರಿಂದ ಭಾಗಿಸಿದರೆ ವರ್ಷಕ್ಕೆ 1,944 ರೂಪಾಯಿ. ಆಗ ಪುಟ್ಟಸ್ವಾಮಿಗೆ 34,989, ಜಯಮ್ಮನಿಗೆ 23,326, ಸಲೀಂಗೆ 11,663, ಮಂಜುಳಾಗೆ 3,888, ಕಿರಣನಿಗೆ 1,134.

ಕೊನೆಯ ಎರಡು ಅಂಕಿಗಳನ್ನು ನೋಡಿ. ಗೌರಿ ಹಬ್ಬದಿಂದ ಹಿಡಿದು ವರ್ಷಪೂರ್ತಿ ಬಿಲ್ ಕೌಂಟರಿನ ನೂಕುನುಗ್ಗಲು ತಡೆದ ಮಂಜುಳಾಗೆ ಅರ್ಧ ತಿಂಗಳ ಸಂಬಳದ ಅರ್ಧವೂ ಇಲ್ಲ. ಏಳು ತಿಂಗಳು ಮೂಟೆ ಹೊತ್ತ ಕಿರಣನಿಗೆ ಒಂದು ಜೊತೆ ಬಟ್ಟೆಯ ಕಾಸು. ತಪ್ಪು ಇರುವುದು ಬುಡದಲ್ಲೇ. ಈ ವರ್ಷದ ಬೋನಸ್ ಎಂದರೆ ಮುಖ್ಯವಾಗಿ ಈ ವರ್ಷ ದುಡಿದದ್ದಕ್ಕೆ. ಈ ವರ್ಷ ಎಲ್ಲರೂ ದುಡಿದಿದ್ದಾರೆ. ಹಳೆಯ ವರ್ಷಗಳಿಗೆ ಆಯಾ ವರ್ಷವೇ ಬೋನಸ್ ಕೊಟ್ಟು ಮುಗಿದಿದೆ. ಈಗ ಕೊಡುತ್ತಿರುವುದು ಬಿಡದೆ ಜೊತೆಗಿದ್ದದ್ದಕ್ಕೆ ಒಂದು ಗೌರವ. ಎರಡನ್ನೂ ಒಂದೇ ಭಾಗಾಕಾರದಲ್ಲಿ ತುರುಕಿದಾಗ ಹೀಗೆ ಎಡವಟ್ಟಾಗುತ್ತದೆ.

ಹಾಗಾದರೆ ಸಂಬಳದ ಪ್ರಕಾರ ಕೊಟ್ಟರೆ?

ಅದು ಇನ್ನೊಂದು ತುದಿ. ಒಬ್ಬೊಬ್ಬರಿಗೆ ಒಂದು ತಿಂಗಳ ಸಂಬಳ, ಕಿರಣನಿಗೆ ಏಳು ತಿಂಗಳ ಮಟ್ಟಿಗೆ ಎಂದರೆ 83,750 ಬೇಕು, ಇರುವುದು 75,000. ಅದೇ ಪ್ರಮಾಣದಲ್ಲಿ ಇಳಿಸಿದರೆ ಪುಟ್ಟಸ್ವಾಮಿಗೆ 19,701, ಮಂಜುಳಾಗೆ 14,328. ಹದಿನಾರು ವರ್ಷದ ಅಂತರಕ್ಕೆ ಐದೂಕಾಲು ಸಾವಿರದಷ್ಟೇ ವ್ಯತ್ಯಾಸ. ಹಳಬರ ಮನಸ್ಸಿಗೆ ಇದು ನಾಟುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಎರಡು ಪಾಲಿನ ಲೆಕ್ಕ ಎಂದರೇನು?

ಇರುವ ದುಡ್ಡನ್ನು ಎರಡು ಪಾಲು ಮಾಡುವುದು. ಮೊದಲನೆಯದು ದುಡಿಮೆಯ ಪಾಲು: ಎಲ್ಲರಿಗೂ ಅರ್ಧ ತಿಂಗಳ ಸಂಬಳ, ವರ್ಷ ತುಂಬದವರಿಗೆ ದುಡಿದ ತಿಂಗಳಿಗೆ ತಕ್ಕಂತೆ. ಎರಡನೆಯದು ಸೇವೆಯ ಪಾಲು: ಉಳಿದ ದುಡ್ಡನ್ನು ತುಂಬಿದ ವರ್ಷಗಳ ಮೇಲೆ ಹಂಚುವುದು. ಮೊದಲ ಹತ್ತು ವರ್ಷಕ್ಕೆ ವರ್ಷಕ್ಕೊಂದು ಪಾಲು, ಹತ್ತರ ಮೇಲೆ ವರ್ಷಕ್ಕೆ ಅರ್ಧ ಪಾಲು.

ಶಿವಣ್ಣನವರ ಪುಸ್ತಕದಲ್ಲಿ ಇದು ಹೀಗೆ ಬಂತು. ಅರ್ಧ ತಿಂಗಳ ಸಂಬಳ ಪುಟ್ಟಸ್ವಾಮಿಗೆ 11,000, ಜಯಮ್ಮನಿಗೆ 9,500, ಸಲೀಂಗೆ 9,000, ಮಂಜುಳಾಗೆ 8,000. ಕಿರಣನ ಅರ್ಧ ಸಂಬಳ 7,500. ಅದನ್ನು ಏಳರಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿದರೆ 4,375. ಇವೆಲ್ಲ ಸೇರಿ 41,875. ಎಪ್ಪತ್ತೈದು ಸಾವಿರದಲ್ಲಿ ಇದನ್ನು ಕಳೆದರೆ ಉಳಿದದ್ದು 33,125.

ಈಗ ಸೇವೆಯ ಪಾಲು. ಪುಟ್ಟಸ್ವಾಮಿಯ 18 ವರ್ಷದಲ್ಲಿ ಮೊದಲ ಹತ್ತಕ್ಕೆ 10, ಮೇಲಿನ ಎಂಟಕ್ಕೆ 4, ಒಟ್ಟು 14 ಪಾಲು. ಜಯಮ್ಮನಿಗೆ 10 ಮತ್ತು 1, ಒಟ್ಟು 11. ಸಲೀಂಗೆ 6, ಮಂಜುಳಾಗೆ 2, ಕಿರಣನಿಗೆ ಇನ್ನೂ ವರ್ಷ ತುಂಬಿಲ್ಲ, ಸೊನ್ನೆ. ಎಲ್ಲ ಸೇರಿ 33 ಪಾಲು. 33,125ನ್ನು 33ರಿಂದ ಭಾಗಿಸಿದರೆ ಪಾಲಿಗೆ 1,003 ರೂಪಾಯಿ ಚಿಲ್ಲರೆ. ಶಿವಣ್ಣ ಪಾಲಿಗೆ ಸರಿಯಾಗಿ 1,000 ಎಂದು ಹಿಡಿದರು. ಮಿಕ್ಕ 125 ರೂಪಾಯಿಯನ್ನು ಕಿರಣನ ಲೆಕ್ಕಕ್ಕೆ ಹಾಕಿ 4,500 ಮಾಡಿದರು.

| ಹೆಸರು | ದುಡಿಮೆಯ ಪಾಲು | ಸೇವೆಯ ಪಾಲು | ಒಟ್ಟು |
|---|---|---|---|
| ಪುಟ್ಟಸ್ವಾಮಿ | 11,000 | 14,000 | 25,000 |
| ಜಯಮ್ಮ | 9,500 | 11,000 | 20,500 |
| ಸಲೀಂ | 9,000 | 6,000 | 15,000 |
| ಮಂಜುಳ | 8,000 | 2,000 | 10,000 |
| ಕಿರಣ | 4,500 | 0 | 4,500 |

ಕೂಡಿಸಿದರೆ ಸರಿಯಾಗಿ 75,000. ಪುಟ್ಟಸ್ವಾಮಿಗೆ ತಿಂಗಳ ಸಂಬಳಕ್ಕಿಂತ ಹೆಚ್ಚು ಬಂತು, ಮಂಜುಳಾಗೆ ಅರ್ಧ ತಿಂಗಳಿಗಿಂತ ಹೆಚ್ಚು, ಕಿರಣ ಬರಿಗೈಲಿ ಹೋಗಲಿಲ್ಲ. ಪ್ರತಿ ಸಲ ಅಂಕಿ ಇಷ್ಟು ನಯವಾಗಿ ಕೂರುವುದಿಲ್ಲ. ಆದರೂ ಪಾಲಿನ ಬೆಲೆಯನ್ನು ಯಾವಾಗಲೂ ಕೆಳಗಿನ ದುಂಡು ಸಂಖ್ಯೆಗೆ ಇಳಿಸಿ, ಮಿಕ್ಕದ್ದನ್ನು ಎಲ್ಲರಿಗಿಂತ ಕಡಿಮೆ ಬರುವವರಿಗೆ ಸೇರಿಸಿ. ಮೇಲಕ್ಕೆ ದುಂಡು ಮಾಡಿದರೆ ಗಲ್ಲಾದಿಂದ ಹೆಚ್ಚು ಕಾಸು ಹೋಗುತ್ತದೆ, ಒಬ್ಬರದನ್ನು ಮೇಲಕ್ಕೆ ಒಬ್ಬರದನ್ನು ಕೆಳಕ್ಕೆ ಮಾಡಿದರೆ ಮಾತು ಬರುತ್ತದೆ.

ಹತ್ತು ವರ್ಷದ ಮೇಲೆ ಅರ್ಧ ಪಾಲು ಯಾಕೆ? ಹಳಬರಿಗೆ ಅನ್ಯಾಯ ಅಲ್ಲವೇ?

ಸೇವೆ ಹೆಚ್ಚಿದಂತೆ ಸಂಬಳವೂ ಏರಿರುತ್ತದೆ, ದುಡಿಮೆಯ ಪಾಲಿನಲ್ಲಿ ಅವರಿಗೆ ಆಗಲೇ ಹೆಚ್ಚು ಬಂದಿದೆ. ಎರಡೂ ಕಡೆ ಪೂರ್ತಿ ಏರಿಸಿದರೆ ಒಬ್ಬರೇ ಹಳಬರು ಮೊತ್ತದ ಮೂರನೇ ಒಂದು ಭಾಗಕ್ಕೂ ಹೆಚ್ಚು ಎಳೆದುಕೊಳ್ಳುತ್ತಾರೆ. ಹಾಗೆಂದು ಹತ್ತಕ್ಕೇ ನಿಲ್ಲಿಸಿಬಿಟ್ಟರೆ ಪುಟ್ಟಸ್ವಾಮಿಗೂ ಜಯಮ್ಮನಿಗೂ ಸೇವೆಯ ಪಾಲು ಒಂದೇ ಆಗುತ್ತದೆ. "ಯಜಮಾನ್ರೇ, ನನ್ನ ಎಂಟು ವರ್ಷ ಎಲ್ಲಿ ಹೋಯ್ತು?" ಎಂದು ಪುಟ್ಟಸ್ವಾಮಿ ಕೇಳಿದರೆ ಉತ್ತರ ಇರುವುದಿಲ್ಲ. ಅರ್ಧ ಪಾಲಿನಲ್ಲಿ ಆ ಎಂಟು ವರ್ಷಕ್ಕೆ 4,000 ರೂಪಾಯಿ ಎಂದು ಬೆರಳಿಟ್ಟು ತೋರಿಸಬಹುದು.

ಸೇವೆಯನ್ನು ಯಾವ ದಿನಕ್ಕೆ ಲೆಕ್ಕ ಹಾಕಬೇಕು? ಹಬ್ಬದ ದಿನಕ್ಕೇ ಹಾಕಬಹುದಲ್ಲ?

ಬೇಡ. ದೀಪಾವಳಿ ನಿಂತ ಜಾಗದಲ್ಲಿ ನಿಲ್ಲುವ ಹಬ್ಬವಲ್ಲ. 2025ರಲ್ಲಿ ಅಮಾವಾಸ್ಯೆ ಅಕ್ಟೋಬರ್ ಮೂರನೇ ವಾರ ಬಂತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ನವೆಂಬರ್ ಎರಡನೇ ವಾರಕ್ಕೆ ಜಾರುತ್ತದೆ. ಎರಡು ದೀಪಾವಳಿಗಳ ನಡುವೆ ಒಂದು ವರ್ಷ ಹನ್ನೆರಡು ತಿಂಗಳಿಗಿಂತ ಕಡಿಮೆ, ಇನ್ನೊಂದು ವರ್ಷ ಹೆಚ್ಚುಕಡಿಮೆ ಹದಿಮೂರು ತಿಂಗಳು. ನವೆಂಬರ್ 1ಕ್ಕೆ ಸೇರಿದವರಿಗೆ ಒಂದು ಸಲ ವರ್ಷ ತುಂಬಿರುತ್ತದೆ, ಇನ್ನೊಂದು ಸಲ ತುಂಬಿರುವುದಿಲ್ಲ. ಇಂಥ ಕಡೆಯೇ ಜಗಳ ಹುಟ್ಟುವುದು.

ಸೆಪ್ಟೆಂಬರ್ 30 ಎಂದು ಒಂದು ಗಡುವು ಇಟ್ಟುಕೊಳ್ಳಿ. ಬೋನಸ್ ವರ್ಷ ಅಕ್ಟೋಬರ್ 1ರಿಂದ ಶುರು. ಹಬ್ಬ ಎಂದೇ ಬರಲಿ, ಲೆಕ್ಕ ಅಷ್ಟರೊಳಗೆ ಮುಗಿದಿರುತ್ತದೆ. ಮಾರ್ಚ್ 1ಕ್ಕೆ ಸೇರಿದ ಕಿರಣನಿಗೆ ಏಳು ತಿಂಗಳು ಬಂದದ್ದು ಹೀಗೆ.

ಮಂಜುಳಳದು ಎರಡು ವರ್ಷ ಹತ್ತು ತಿಂಗಳು. ಅದನ್ನು ಮೂರು ಎಂದು ಯಾಕೆ ಹಿಡಿಯಲಿಲ್ಲ?

ಹಿಡಿಯಬಹುದು, ಆದರೆ ಎಲ್ಲರಿಗೂ ಒಂದೇ ನಿಯಮ ಇರಬೇಕು. ಗ್ರಾಚ್ಯುಟಿ ಲೆಕ್ಕದಲ್ಲಿ ಆರು ತಿಂಗಳು ಮೀರಿದ ಚೂರನ್ನು ಪೂರ್ತಿ ವರ್ಷವಾಗಿ ಹಿಡಿಯುವ ಪದ್ಧತಿ ಇದೆ. ಅದನ್ನು ಇಲ್ಲಿ ತಂದರೆ ಮಂಜುಳಾಗೆ 3 ಪಾಲಾಗುತ್ತದೆ, ಜೊತೆಗೆ ಏಳು ತಿಂಗಳ ಕಿರಣನಿಗೂ 1 ಪಾಲು ಕೊಡಬೇಕಾಗುತ್ತದೆ. ಪಾಲಿನ ಬೆಲೆ ಸಾವಿರವೇ ಇರಬೇಕೆಂದರೆ ಇನ್ನೂ 2,000 ಬೇಕು. ಶಿವಣ್ಣ ತುಂಬಿದ ವರ್ಷ ಮಾತ್ರ ಎಂದರು, ಪುಸ್ತಕದ ಮೊದಲ ಪುಟದಲ್ಲೇ ಬರೆದರು. ಎರಡರಲ್ಲಿ ಯಾವುದಾದರೂ ಸರಿ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಮಾಡಿದರೆ ಮಾತ್ರ ಕೆಟ್ಟಿತು.

ನಡುವೆ ಕೆಲಸ ಬಿಟ್ಟು ಮತ್ತೆ ಬಂದವರ ವರ್ಷ ಹೇಗೆ ಎಣಿಸುವುದು?

ಈ ಸೀಮೆಯಲ್ಲಿ ಇದು ಬಹಳ. ಕಾಫಿ ಕೊಯ್ಲಿನ ಕಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಿಗೆ ಹೋಗಿ ಬರುವವರಿದ್ದಾರೆ, ಮಗಳ ಬಾಣಂತನಕ್ಕೆ ನಾಲ್ಕು ತಿಂಗಳು ಹೋಗುವವರಿದ್ದಾರೆ, ಬೆಂಗಳೂರಿಗೆ ಹೋಗಿ ಸರಿಹೋಗದೆ ವಾಪಸ್ ಬರುವವರಿದ್ದಾರೆ. ಸಲೀಂ ಈ ಅಂಗಡಿಗೆ ಮೊದಲು ಬಂದು ಎಂಟು ವರ್ಷವಾಯಿತು, ನಡುವೆ ಎರಡು ವರ್ಷ ಬೇರೆ ಕಡೆ ಲಾರಿ ಓಡಿಸಿದರು. ಆ ಎರಡನ್ನು ಕಳೆದು ಆರು ಎಂದು ಹಿಡಿದಿದೆ. ಮರಳಿ ಬಂದ ದಿನದಿಂದ ಮತ್ತೆ ಒಂದು, ಎರಡು ಎಂದು ಎಣಿಸಿದರೆ ಹಳೆಯ ಕೆಲಸಗಾರ ವಾಪಸ್ ಬರುವ ಬಾಗಿಲನ್ನು ನೀವೇ ಮುಚ್ಚಿದಂತೆ. ಇರದ ದಿನ ಕಳೆಯಿರಿ, ಇದ್ದ ದಿನ ಅಳಿಸಬೇಡಿ. ಒಂದು ತಿಂಗಳೊಳಗಿನ ರಜೆ, ಕಾಯಿಲೆ, ಹೆರಿಗೆ ಇವನ್ನು ಕಳೆಯಲೇ ಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹಬ್ಬಕ್ಕೆ ಮುಂಚೆ ಕೆಲಸ ಬಿಟ್ಟುಹೋದವರಿಗೆ ಸೇವೆಯ ಪಾಲು ಇಲ್ಲ, ದುಡಿದ ತಿಂಗಳಿನ ಪಾಲು ಕರೆದು ಕೊಡಿ.

ಮುಂದಿನ ವರ್ಷವೂ ಇದೇ 75,000 ಇಟ್ಟರೆ ಸಾಕೇ?

ಸಾಲದು. ಈ ಲೆಕ್ಕ ಹಿಡಿದವರು ಎಡವುವುದು ಎರಡನೇ ವರ್ಷದಲ್ಲೇ. ಯಾರ ಸಂಬಳವೂ ಏರಲಿಲ್ಲ ಎಂದೇ ಇಟ್ಟುಕೊಳ್ಳಿ. ಕಿರಣನಿಗೆ ಪೂರ್ತಿ ವರ್ಷ ಆಗುವುದರಿಂದ ದುಡಿಮೆಯ ಪಾಲು 45,000ಕ್ಕೆ ಏರುತ್ತದೆ. ಸೇವೆಯ ಪಾಲುಗಳು ಪುಟ್ಟಸ್ವಾಮಿಗೆ 14.5, ಜಯಮ್ಮನಿಗೆ 11.5, ಸಲೀಂಗೆ 7, ಮಂಜುಳಾಗೆ 3, ಕಿರಣನಿಗೆ 1, ಒಟ್ಟು 37. ಮೊತ್ತ 75,000ಕ್ಕೇ ನಿಂತರೆ ಸೇವೆಗೆ ಉಳಿಯುವುದು 30,000, ಪಾಲಿಗೆ 811 ರೂಪಾಯಿ ಮಾತ್ರ. ಆಗ ಪುಟ್ಟಸ್ವಾಮಿಗೆ ಬರುವುದು ಸುಮಾರು 22,750. ಹಿಂದಿನ ವರ್ಷ 25,000 ತೆಗೆದುಕೊಂಡವರು ಇನ್ನೊಂದು ವರ್ಷ ದುಡಿದ ಮೇಲೆ ಎರಡು ಸಾವಿರಕ್ಕೂ ಹೆಚ್ಚು ಕಡಿಮೆ ಒಯ್ಯುತ್ತಾರೆ. ಸೇವೆಗೆ ಗೌರವ ಎಂದು ಹೊರಟ ಲೆಕ್ಕ ತಲೆಕೆಳಗಾಗುವುದು ಇಲ್ಲಿ.

ಅದಕ್ಕೆ ಮೊದಲ ವರ್ಷ ಮೊತ್ತದಿಂದ ಪಾಲಿನ ಬೆಲೆ ಕಂಡುಕೊಳ್ಳಿ. ಎರಡನೇ ವರ್ಷದಿಂದ ಪಾಲಿನ ಬೆಲೆಯಿಂದ ಮೊತ್ತ ಕಂಡುಕೊಳ್ಳಿ. ಪಾಲಿಗೆ 1,000 ಎಂದು ನಿಲ್ಲಿಸಿದರೆ ಮುಂದಿನ ವರ್ಷ 45,000 ಮತ್ತು 37,000, ಒಟ್ಟು 82,000 ಬೇಕು. ತಿಂಗಳಿಗೆ 6,833 ರೂಪಾಯಿ. ಅಕ್ಟೋಬರ್‌ನಿಂದಲೇ ತಿಂಗಳಿಗೆ 7,000 ಒಂದು ಆರ್.ಡಿ.ಗೆ ಹಾಕುತ್ತ ಬಂದರೆ ಸಾಕು. ಅಂಗಡಿಯ ಚಾಲ್ತಿ ಖಾತೆಯಲ್ಲೇ ಇದ್ದರೆ ಹಬ್ಬಕ್ಕೆ ಮುಂಚೆ ಎಣ್ಣೆ, ಮೈದಾ, ಸಕ್ಕರೆ, ಬೆಲ್ಲ ತುಂಬಿಸುವಾಗ ಕರಗಿಹೋಗುತ್ತದೆ. ಬೋನಸ್‌ನ ದುಡ್ಡು ಬೇಕಾಗುವುದೂ ಮಾಲು ತರಿಸುವುದೂ ಒಂದೇ ಹದಿನೈದು ದಿನದಲ್ಲಿ.

ವ್ಯಾಪಾರ ಕೆಟ್ಟ ವರ್ಷ ಏನು ಮಾಡುವುದು?

ಪೂರ್ತಿ ಲೆಕ್ಕ ಹಾಕಿ, ಆಮೇಲೆ ಎಲ್ಲರದನ್ನೂ ಒಂದೇ ಪ್ರಮಾಣದಲ್ಲಿ ಇಳಿಸಿ. ಈ ವರ್ಷವೇ 60,000 ಮಾತ್ರ ಇದ್ದಿದ್ದರೆ ಅದು ರೂಪಾಯಿಗೆ ಎಂಬತ್ತು ಪೈಸೆ: 20,000, 16,400, 12,000, 8,000, 3,600. ಸೇವೆಯ ಪಾಲನ್ನು ಮಾತ್ರ ಕತ್ತರಿಸಿದರೆ ಹೊರೆಯೆಲ್ಲ ಹಳಬರ ಮೇಲೆ ಬೀಳುತ್ತದೆ.

ಈ ಮಾತನ್ನು ಮೊದಲೇ ಹೇಳಿ, ಬರೆದೂ ಇಡಿ. ಲಾಭ ನಷ್ಟ ನೋಡದೆ ಬಹಳ ವರ್ಷ ಒಂದೇ ದರದಲ್ಲಿ, ಒಂದು ವರ್ಷವೂ ತಪ್ಪದೆ ಕೊಟ್ಟುಕೊಂಡು ಬಂದ ಹಬ್ಬದ ಬೋನಸ್ ರೂಢಿಯ ಹಕ್ಕಾಗಿ ಬೇರೂರಬಲ್ಲದು, ನ್ಯಾಯಾಲಯಗಳು ಹಾಗೆ ಒಪ್ಪಿದ್ದುಂಟು. "ಆ ವರ್ಷದ ವ್ಯಾಪಾರದ ಮೇಲೆ" ಎಂಬ ಒಂದು ಸಾಲು ವೋಚರಿನಲ್ಲಿದ್ದರೆ ಎರಡೂ ಕಡೆಯವರಿಗೆ ತಿಳಿವಳಿಕೆ ಸ್ಪಷ್ಟ.

ಪುಟ್ಟಸ್ವಾಮಿ 12,000 ಮುಂಗಡ ತೆಗೆದುಕೊಂಡಿದ್ದಾರೆ. ಬೋನಸ್‌ನಲ್ಲಿ ಹಿಡಿದುಕೊಳ್ಳಬಹುದೇ?

ಅವರೇ ಬಾಯಿಬಿಟ್ಟು "ಹಿಡ್ಕೊಳ್ಳಿ ಯಜಮಾನ್ರೇ" ಎಂದರೆ ಸರಿ. ಇಲ್ಲದಿದ್ದರೆ 25,000 ಪೂರ್ತಿ ಕೊಡಿ. ಮುಂಗಡವನ್ನು ಮುಂದಿನ ನಾಲ್ಕು ತಿಂಗಳ ಸಂಬಳದಲ್ಲಿ ಮೂರು ಮೂರು ಸಾವಿರದಂತೆ ಮುರಿದುಕೊಳ್ಳಿ. ಹದಿನೆಂಟು ವರ್ಷದವರ ಕೈಗೆ 13,000 ಇಟ್ಟು, ಪಕ್ಕದಲ್ಲೇ ಸಲೀಂಗೆ 15,000 ಇಟ್ಟರೆ, ಕಾಗದದ ಮೇಲಿನ ಲೆಕ್ಕ ಎಷ್ಟು ಸರಿಯಿದ್ದರೂ ಹಬ್ಬದ ಮನೆಯಲ್ಲಿ ಅದು ಬೇರೆಯೇ ಆಗಿ ಕಾಣುತ್ತದೆ. ಸಿಹಿ ಪೊಟ್ಟಣ, ಸೀರೆ, ಪಂಚೆ ಕೊಡುವ ಪದ್ಧತಿ ಇದ್ದರೆ ಅದರ ಬೆಲೆಯನ್ನೂ ಇದರಲ್ಲಿ ಕಳೆಯಬಾರದು.

ಯಾರಿಗೆ ಎಷ್ಟು ಎಂದು ಎಲ್ಲರೆದುರು ಹೇಳಬೇಕೇ?

ನಿಯಮ ಎಲ್ಲರಿಗೂ, ಮೊತ್ತ ಅವರವರಿಗೆ. ಹೇಗೂ ಸಂಜೆಯೊಳಗೆ ಐವರಿಗೂ ಐವರದೂ ಗೊತ್ತಾಗುತ್ತದೆ. ಆಗ ನಿಯಮ ಮೊದಲೇ ಗೊತ್ತಿದ್ದರೆ ಅವರೇ ಲೆಕ್ಕ ಹಾಕಿ ಸಮಾಧಾನ ಮಾಡಿಕೊಳ್ಳುತ್ತಾರೆ.

"ಅಣ್ಣಾ, ಜಯಕ್ಕಂಗೆ ನನ್ನ ಎರಡರಷ್ಟು ಬಂದಿದೆಯಲ್ಲ?" ಎಂದು ಮಂಜುಳ ಕೇಳಿದರೆ ಶಿವಣ್ಣನವರ ಹತ್ತಿರ ಉತ್ತರ ಇದೆ: "ಈ ವರ್ಷದ ದುಡಿಮೆಗೆ ನಿಂಗೂ ಅರ್ಧ ಸಂಬಳ, ಅವ್ರಿಗೂ ಅರ್ಧ ಸಂಬಳ ಕಣಮ್ಮ. ಮಿಕ್ಕಿದ್ದು ವರ್ಷಕ್ಕೊಂದು ಸಾವಿರ. ನಿಂಗೂ ವರ್ಷ ವರ್ಷ ಸೇರ್ಕೊಂಡು ಹೋಗುತ್ತೆ."

ಮೊಬೈಲಿನ ಶೀಟ್‌ನಲ್ಲಿ ಹಾಕಿಕೊಳ್ಳಲು ಸೂತ್ರ ಇದೆಯೇ?

B ಸಾಲಿನಲ್ಲಿ ತಿಂಗಳ ಸಂಬಳ, C ಸಾಲಿನಲ್ಲಿ ತುಂಬಿದ ವರ್ಷ, D ಸಾಲಿನಲ್ಲಿ ಈ ಬೋನಸ್ ವರ್ಷದಲ್ಲಿ ದುಡಿದ ತಿಂಗಳು ಬರೆಯಿರಿ. E, F, G ಸಾಲುಗಳಿಗೆ ಕ್ರಮವಾಗಿ ಇವು:

```
=B2/2*D2/12
=MIN(C2,10)+MAX(C2-10,0)/2
=E2+F2*1000
```

D ಸಾಲಿನಲ್ಲಿ 12ಕ್ಕಿಂತ ದೊಡ್ಡ ಅಂಕಿ ಬೀಳಬಾರದು. ಹಳಬರ ಹೆಸರಿನ ಮುಂದೆ ಒಟ್ಟು ಸೇವೆಯ ತಿಂಗಳು ಬರೆದುಬಿಡುವುದು ಸಾಮಾನ್ಯ ತಪ್ಪು. ಪುಟ್ಟಸ್ವಾಮಿಗೆ 216 ಎಂದು ಬರೆದರೆ ದುಡಿಮೆಯ ಪಾಲೇ 1,98,000 ಎಂದು ತೋರಿಸುತ್ತದೆ.

ಕೈಗೆ ಕೊಡಬೇಕೋ ಖಾತೆಗೆ ಹಾಕಬೇಕೋ? ಯಾವಾಗ?

ಆದಾಯ ತೆರಿಗೆಯಲ್ಲಿ ವ್ಯಾಪಾರದ ಖರ್ಚು ತೋರಿಸುವವರು ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಖರ್ಚನ್ನು ಹಿಡಿಯಲು ಬರುವುದಿಲ್ಲ. ಹಾಗಾಗಿ ಪುಟ್ಟಸ್ವಾಮಿ, ಜಯಮ್ಮ, ಸಲೀಂ ಮೂವರದೂ ಬ್ಯಾಂಕ್ ಖಾತೆಗೇ. ಮಂಜುಳಳ 10,000 ಮಿತಿಯ ಅಂಚಿನಲ್ಲಿದೆ. ನಮ್ಮಲ್ಲಿ ಶುಭಕ್ಕೆಂದು ಮೇಲೊಂದು ರೂಪಾಯಿ ಇಡುವುದುಂಟು, ಆ ಒಂದು ರೂಪಾಯಿಯೂ ಮಿತಿ ದಾಟಿಸುತ್ತದೆ; ಅವಳದನ್ನೂ ಖಾತೆಗೆ ಹಾಕಿಬಿಡಿ. ನಗದಾಗಿ ಕೊಟ್ಟದ್ದು 5,000 ಮೀರಿದರೆ ವೋಚರಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ ಸಹಿ ಹಾಕಿಸಬೇಕು. ಕಿರಣನ 4,500ಕ್ಕೆ ಸ್ಟ್ಯಾಂಪ್ ಬೇಡ, ಸಹಿ ಬೇಕು.

ದಿನದ ವಿಷಯ. ಬಹಳ ಅಂಗಡಿಗಳಲ್ಲಿ ಅಮಾವಾಸ್ಯೆಯ ಲಕ್ಷ್ಮೀಪೂಜೆ ಮುಗಿಸಿ ಕವರ್ ಕೊಡುತ್ತಾರೆ. ಅಷ್ಟು ಹೊತ್ತಿಗೆ ನರಕ ಚತುರ್ದಶಿ ಕಳೆದಿರುತ್ತದೆ, ಮಕ್ಕಳ ಬಟ್ಟೆಗೆ ಸಾಲ ಮಾಡಿ ಆಗಿರುತ್ತದೆ. ಹಾಸನದಲ್ಲಿ ಇನ್ನೊಂದು ಸಂಗತಿಯೂ ಇದೆ. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ದೇವಿಯ ಬಾಗಿಲು ತೆಗೆದ ಮೇಲೆ ಊರಿಗೆ ಊರೇ ತುಂಬಿಕೊಳ್ಳುತ್ತದೆ, ಅಂಗಡಿಯವರಿಗೆ ಪೇಟೆಗೆ ಹೋಗಿ ಬರಲು ಬಿಡುವೇ ಸಿಗುವುದಿಲ್ಲ. ಶಿವಣ್ಣ ಆ ಗುರುವಾರಕ್ಕೆ ಮುಂಚಿನ ಸೋಮವಾರ ನಾಲ್ವರ ಖಾತೆಗೆ ಹಾಕಿ, ಕಿರಣನ ಕೈಗೆ ಕೊಟ್ಟು, ಮಂಗಳವಾರ ಮಧ್ಯಾಹ್ನದಿಂದ ಸರದಿಯ ಮೇಲೆ ಒಬ್ಬೊಬ್ಬರಿಗೆ ಅರ್ಧ ದಿನ ಬಿಡುವು ಬರೆದರು. ಪೂಜೆಯ ರಾತ್ರಿ ಕೊಡುವ ಎಲೆ ಅಡಿಕೆಯಲ್ಲಿ ಒಂದು ರೂಪಾಯಿ ನಾಣ್ಯ ಮಾತ್ರ.